ಆಷಾಢಕ್ಕೆ ತವರಿಗೆ ಬಂದ ಮೇಲೆ ಅತ್ತೆಯ ಕನಸು ಏಕೆ?

ಮಣ್ಣೆತ್ತಿನ ಅಮಾವಾಸ್ಯೆ ಕಳೆಯುತ್ತಿದ್ದಂತೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಬಸ್ ನಿಲ್ದಾಣಗಳಲ್ಲಿ ಪ್ರತಿ ವರ್ಷ ಒಂದು ದೃಶ್ಯ ಕಾಣುತ್ತದೆ. ಕೈತುಂಬ ಹಸಿರು ಬಳೆ ತೊಟ್ಟ ಹುಡುಗಿ, ಪಕ್ಕದಲ್ಲಿ ಅವಳ ಬ್ಯಾಗ್ ಹಿಡಿದು ನಿಂತ ಅಣ್ಣನೋ ತಮ್ಮನೋ. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಎಂಬ ಮಾತಿನ ನೆಪದಲ್ಲಿ ಹೊಸ ಮದುಮಗಳು ತಿಂಗಳ ಮಟ್ಟಿಗೆ ತವರಿಗೆ ಬರುತ್ತಾಳೆ. ಪಂಚಮಿಯ ಜೋಕಾಲಿ ಆಡಿ, ಉಂಡಿ ತಿಂದು ವಾಪಸಾಗುವವರೂ ಇದ್ದಾರೆ.

ಬಂದ ನಾಲ್ಕಾರು ದಿನಗಳಲ್ಲಿ ಕೆಲವು ಮನೆಗಳಲ್ಲಿ ಒಂದು ಪಿಸುಮಾತು ಶುರುವಾಗುತ್ತದೆ. ಹುಡುಗಿ ರಾತ್ರಿ ನಿದ್ದೆಯಲ್ಲಿ ಬೆಚ್ಚುತ್ತಾಳೆ, ಏನೋ ಗೊಣಗುತ್ತಾಳೆ, ಬೆಳಗ್ಗೆ ಕೇಳಿದರೆ ‘ಅತ್ತೆ ಕನಸಿನಲ್ಲಿ ಬಂದಿದ್ದರು’ ಎನ್ನುತ್ತಾಳೆ. ಅವ್ವನ ಎದೆ ಧಸಕ್ಕೆನ್ನುತ್ತದೆ. ಅತ್ತೆಯ ಮನೆಯಲ್ಲಿದ್ದಾಗ ಫೋನಿನಲ್ಲಿ ‘ಚೆನ್ನಾಗಿದ್ದೇನೆ, ಮಲಗಿದರೆ ಎಚ್ಚರವೇ ಇರುವುದಿಲ್ಲ’ ಎಂದಿದ್ದವಳು ತನ್ನ ಮನೆಗೆ ಬಂದ ಮೇಲೆ ಹೀಗೇಕೆ ಆದಳು? ಇದಕ್ಕೆ ಊರಿನಲ್ಲಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಅಲ್ಲಿ ಏನೋ ಹಿಂಸೆ ಕೊಟ್ಟಿದ್ದಾರೆ, ಇವಳು ಬಾಯಿ ಬಿಡುತ್ತಿಲ್ಲ ಎಂಬುದು ಒಂದು. ಬರುವ ದಾರಿಯಲ್ಲಿ ಗಾಳಿ ಸೋಕಿದೆ, ಅಂತ್ರ ಕಟ್ಟಿಸಬೇಕು ಎಂಬುದು ಇನ್ನೊಂದು. ಮೊದಲನೆಯದು ನಿಜವಿರಬಹುದು, ಅದನ್ನು ಹೇಗೆ ಗುರುತಿಸಬೇಕೆಂದು ಮುಂದೆ ನೋಡೋಣ. ಆದರೆ ಬಹಳಷ್ಟು ಮನೆಗಳಲ್ಲಿ ಕಾರಣ ಇವೆರಡೂ ಅಲ್ಲ. ಅದು ಗಡಿಯಾರದಲ್ಲಿದೆ.

ನನಗೆ ಹತ್ತಿರದಿಂದ ಗೊತ್ತಿರುವ ಎರಡು ಮೂರು ಮನೆಗಳ ಸಂಗತಿಯನ್ನು ಬೆರೆಸಿ ಒಬ್ಬಳನ್ನು ಇಲ್ಲಿ ಕಟ್ಟಿಕೊಳ್ಳುತ್ತೇನೆ. ಹೆಸರು ಬೇಡ, ಹುಡುಗಿ ಎಂದರೆ ಸಾಕು. ಗಂಗಾವತಿ ತಾಲ್ಲೂಕಿನ ಕಾಲುವೆ ಬದಿಯ ಊರಿನವಳು. ತುಂಗಭದ್ರೆಯ ಎಡದಂಡೆ ಕಾಲುವೆಯ ಭತ್ತದ ಸೀಮೆ, ಮನೆಯಲ್ಲಿ ಮೂರು ಹೊತ್ತೂ ಅನ್ನ. ಬಸವ ಜಯಂತಿಯ ದಿನ ಮದುವೆಯಾಗಿ ಕುಷ್ಟಗಿ ಕಡೆಯ ಒಂದು ಹಳ್ಳಿಗೆ ಹೋದಳು. ಜಿಲ್ಲೆ ಅದೇ ಕೊಪ್ಪಳ, ಕನಕಗಿರಿ ತಾವರಗೇರಾ ದಾಟಿ ಬಸ್ಸಿನಲ್ಲಿ ಎರಡು ತಾಸಿನ ದಾರಿ. ಆದರೆ ಅದು ಒಣಬೇಸಾಯದ ಊರು, ಜೋಳದ ರೊಟ್ಟಿಯ ಮನೆ. ಕೊಟ್ಟದ್ದು ಹೊರಗಿನವರಿಗಲ್ಲ, ಅಪ್ಪನ ಸ್ವಂತ ಅಕ್ಕನ ಮಗನಿಗೆ. ‘ನಮ್ಮ ಹುಡುಗಿ ನಮ್ಮ ಮನೆಗೇ ಹೋದಳು, ಹೊಂದಿಕೊಳ್ಳುವ ಮಾತೇ ಬರುವುದಿಲ್ಲ’ ಎಂದು ಎರಡೂ ಕಡೆಯವರು ನೆಮ್ಮದಿಯಾಗಿದ್ದರು. ಮದುವೆಯಿಂದ ಮಣ್ಣೆತ್ತಿನ ಅಮಾವಾಸ್ಯೆಯವರೆಗೆ ಸರಿಸುಮಾರು ಎಂಟು ವಾರ ಅವಳು ಅಲ್ಲಿದ್ದಳು.

ಆ ಎಂಟು ವಾರದ ನಿದ್ದೆಯ ಲೆಕ್ಕ ಹಾಕೋಣ. ಮದುವೆಗೆ ಮೊದಲು ರಾತ್ರಿ 10ಕ್ಕೆ ಮಲಗಿ ಬೆಳಗ್ಗೆ 6.30ಕ್ಕೆ ಏಳುತ್ತಿದ್ದಳು. ಎಂಟೂವರೆ ತಾಸು. ಅತ್ತೆಯ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಂಡು, ಪಾತ್ರೆ ತೊಳೆದು, ಮರುದಿನದ ತರಕಾರಿ ಎತ್ತಿಟ್ಟು ಮಲಗುವಾಗ 11. ಏಳುವುದು 4.45ಕ್ಕೆ. ಅಂಗಳ ಗುಡಿಸಿ ನೀರು ಹೊಡೆದು ರಂಗೋಲಿ ಹಾಕಬೇಕು, ನಳದಲ್ಲಿ ನೀರು ಬಿಡುವ ದಿನವಾದರೆ ಕೊಡ ತುಂಬಬೇಕು, ಹೊಲಕ್ಕೆ ಹೋಗುವವರ ಬುತ್ತಿಗೆ ರೊಟ್ಟಿಯಾಗಬೇಕು. ಅಂದರೆ ಐದೂಮುಕ್ಕಾಲು ತಾಸು. ದಿನಕ್ಕೆ ಎರಡೂಮುಕ್ಕಾಲು ತಾಸಿನ ಕೊರತೆ.

ಕಳೆದುಹೋದ ಈ ಎರಡೂಮುಕ್ಕಾಲು ತಾಸು ಎಲ್ಲಿಯದು ಎಂಬುದೇ ಇಲ್ಲಿನ ಗುಟ್ಟು. ನಿದ್ದೆ ಒಂದೇ ಹದದಲ್ಲಿ ಹರಿಯುವುದಿಲ್ಲ. ಸುಮಾರು 90 ನಿಮಿಷಕ್ಕೊಂದು ಸುತ್ತು. ಪ್ರತಿ ಸುತ್ತಿನ ಕೊನೆಗೆ ಮುಚ್ಚಿದ ರೆಪ್ಪೆಯ ಒಳಗೆ ಕಣ್ಣುಗುಡ್ಡೆಗಳು ಚುರುಕಾಗಿ ಓಡಾಡುವ ಒಂದು ಹಂತ ಬರುತ್ತದೆ. 1953ರಲ್ಲಿ ಷಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ಸಂಶೋಧಕರು ಇದನ್ನು ವರದಿ ಮಾಡಿದರು. ಆ ಹೊತ್ತಿನಲ್ಲಿ ಎಬ್ಬಿಸಿದರೆ ಜನ ಬಹುತೇಕ ಸಲ ಕನಸೊಂದನ್ನು ಹೇಳುತ್ತಾರೆ. ಉಳಿದ ಹಂತಗಳಲ್ಲಿ ಕನಸು ಬೀಳುವುದೇ ಇಲ್ಲ ಎಂದಲ್ಲ, ಆದರೆ ಕಥೆಯಂತೆ ಓಡುವ, ಬಣ್ಣ ಭಯ ಎಲ್ಲ ಇರುವ ಕನಸುಗಳ ಮುಖ್ಯ ತಾಣ ಇದೇ. ಹಾಗಾಗಿ ಇದನ್ನು ಇಲ್ಲಿ ಕನಸಿನ ನಿದ್ದೆ ಎಂದೇ ಕರೆಯುತ್ತೇನೆ. ಮೊದಲ ಸುತ್ತಿನಲ್ಲಿ ಈ ಹಂತ ಹತ್ತು ನಿಮಿಷವೂ ಇರುವುದಿಲ್ಲ. ರಾತ್ರಿ ಸರಿದಂತೆ ಉದ್ದವಾಗುತ್ತ, ಬೆಳಗಿನ ಜಾವದ ಸುತ್ತುಗಳಲ್ಲಿ ಅರ್ಧ ತಾಸನ್ನೂ ಮೀರಬಹುದು. ನಮ್ಮ ಹುಡುಗಿ ಕಳೆದುಕೊಂಡದ್ದು ಸರಿಯಾಗಿ ಆ ಕೊನೆಯ ಎರಡು ಸುತ್ತುಗಳನ್ನು. ನಿದ್ದೆಯಲ್ಲಿ ಹೋದದ್ದು ಮೂರನೇ ಒಂದು ಭಾಗ. ಕನಸಿನ ನಿದ್ದೆಯಲ್ಲಿ ಹೋದದ್ದು ಅದಕ್ಕಿಂತ ಹೆಚ್ಚು.

ಇದರ ಮೇಲೆ ಜಾಗದ ಹೊಸತನ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಹತ್ತುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ನಿದ್ದೆಯ ಪ್ರಯೋಗಾಲಯಗಳಲ್ಲಿ ಇದು ಎಷ್ಟು ಮಾಮೂಲಿ ಎಂದರೆ ಸಂಶೋಧಕರು ಮೊದಲ ರಾತ್ರಿಯ ದಾಖಲೆಯನ್ನು ಬದಿಗಿಟ್ಟು ಎರಡನೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದುಂಟು. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ತಂಡವೊಂದು ಇನ್ನೂ ಒಂದು ಸಂಗತಿ ತೋರಿಸಿತು. ಅಪರಿಚಿತ ಜಾಗದ ಮೊದಲ ರಾತ್ರಿಯ ಗಾಢ ನಿದ್ದೆಯಲ್ಲಿ ಮೆದುಳಿನ ಎಡಭಾಗದ ಒಂದು ಜಾಲ ಬಲಭಾಗದಷ್ಟು ಆಳಕ್ಕೆ ಇಳಿಯುವುದಿಲ್ಲ, ಸಣ್ಣ ಸದ್ದಿಗೂ ಅದು ಬೇಗ ಸ್ಪಂದಿಸುತ್ತದೆ. ಅರ್ಧ ಮನೆ ಮಲಗಿ ಅರ್ಧ ಮನೆ ಕಾವಲು ಕೂತಂತೆ. ಪ್ರಯೋಗದಲ್ಲಿ ಈ ಪರಿಣಾಮ ಮುಂದಿನ ಸಲಕ್ಕೆ ಇಳಿದಿತ್ತು. ಆದರೆ ಪ್ರಯೋಗಾಲಯದಲ್ಲಿ ಮಲಗಿದವರಿಗೆ ಪಡಸಾಲೆಯಲ್ಲಿ ಕೆಮ್ಮುವ ಮಾವ ಇರಲಿಲ್ಲ, ತಡವಾಗಿ ಎದ್ದರೆ ಯಾರು ಏನು ಅಂದುಕೊಳ್ಳುತ್ತಾರೋ ಎಂಬ ಅಳುಕೂ ಇರಲಿಲ್ಲ. ಹೊಸ ಸೊಸೆಯ ಕಾವಲು ಒಂದೇ ರಾತ್ರಿಗೆ ಇಳಿಯುವುದಿಲ್ಲ ಎಂದು ಊಹಿಸಲು ಪ್ರಯೋಗಾಲಯ ಬೇಕಿಲ್ಲ.

ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಮ್ಮ ನಂಬಿಕೆ ಇಲ್ಲಿಗೇ ಬಂದು ಸೇರುತ್ತದೆ. ಇದು ಹಳೆಯ ಮಾತು. ಚರಕಸಂಹಿತೆಯಲ್ಲೇ ರಾತ್ರಿಯ ಮೊದಲ ಭಾಗದ ಕನಸಿಗೆ ಫಲ ಕಡಿಮೆ, ಕಂಡ ಮೇಲೆ ಮತ್ತೆ ನಿದ್ದೆ ಹೋಗದಿದ್ದರೆ ಫಲ ಹೆಚ್ಚು ಎಂಬ ಅರ್ಥದ ಮಾತಿದೆ. ಫಲದ ವಿಷಯ ಹಾಗಿರಲಿ, ಒಳಗಿನ ಗಮನಿಕೆ ಗಟ್ಟಿಯಾದದ್ದು. ಕೊನೆಯ ಸುತ್ತಿನ ಕನಸು ಉದ್ದ, ಸ್ಪಷ್ಟ. ಎಚ್ಚರವಾದ ಮೇಲೆ ಮತ್ತೆ ಮಲಗದಿದ್ದರೆ ಅದು ನೆನಪಿನಲ್ಲಿ ನಿಲ್ಲುತ್ತದೆ, ನಡುರಾತ್ರಿಯದು ಅಳಿಸಿಹೋಗುತ್ತದೆ. ನೆನಪಿದ್ದ ಕನಸಿಗೆ ತಾನೇ ಜನ ಫಲ ಹುಡುಕುವುದು? ಮೊಬೈಲ್ ಅಲಾರಂ 4.45ಕ್ಕೆ ಬಡಿದಾಗ ಹುಡುಗಿ ಅಂಥ ಹಂತದ ನಟ್ಟನಡುವೆ ಇದ್ದರೆ, ಕನಸು ಮುಗಿಯದೆ, ಅದರ ಭಯ ಆರದೆ ಎದ್ದು ಬರುತ್ತಾಳೆ. ಅದೇ ಚರಕಸಂಹಿತೆ ಕನಸುಗಳನ್ನು ಏಳು ಬಗೆ ಮಾಡುತ್ತದೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು, ಈ ಮೊದಲ ಐದರಿಂದ ಹುಟ್ಟಿದ ಕನಸುಗಳಿಗೆ ಫಲವಿಲ್ಲ ಎಂದು ವೈದ್ಯ ತಿಳಿಯಬೇಕು ಎನ್ನುತ್ತದೆ. ಹೊಸ ಸೊಸೆಯ ಕನಸುಗಳಲ್ಲಿ ಈ ಐದನ್ನು ತೆಗೆದರೆ ಉಳಿಯುವುದು ಎಷ್ಟು ಎಂದು ಶಕುನ ಹೇಳುವವರು ಒಮ್ಮೆ ಎಣಿಸಬೇಕು.

ಇನ್ನು ಕನಸಿನ ಒಳಗೆ ಏನಿತ್ತು ಎಂಬುದು. ಹುಡುಗಿಗೆ ಮೂರು ಕನಸುಗಳು ಬೇರೆ ಬೇರೆ ವೇಷದಲ್ಲಿ ಬರುತ್ತಿದ್ದವು.

ಮೊದಲನೆಯದು ರೊಟ್ಟಿಯದು. ಪಂಕ್ತಿಯಲ್ಲಿ ಜನ ಕೂತಿದ್ದಾರೆ, ಅವಳು ಬಡಿಯುತ್ತಿದ್ದಾಳೆ, ಹಲಗೆಯ ಮೇಲೆ ರೊಟ್ಟಿ ಅಂಚಿನಿಂದ ಸೀಳುತ್ತಿದೆ. ಇನ್ನೊಂದು ಉಂಡೆ ತೆಗೆದುಕೊಂಡರೆ ಅದೂ ಸೀಳುತ್ತದೆ. ತಲೆಯೆತ್ತಿ ನೋಡಿದರೆ ಪಂಕ್ತಿ ಉದ್ದವಾಗಿದೆ. ಒಮ್ಮೆಯಂತೂ ಆ ಪಂಕ್ತಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೋಣೆಯಾಗಿತ್ತು, ಮೇಲ್ವಿಚಾರಕಿಯ ಕುರ್ಚಿಯಲ್ಲಿ ಅತ್ತೆ. ಈ ಕನಸಿಗೆ ವ್ಯಾಖ್ಯಾನವೇ ಬೇಡ. ಗೋಧಿಹಿಟ್ಟಿನಲ್ಲಿರುವ ಅಂಟು ಜೋಳದ ಹಿಟ್ಟಿಗಿಲ್ಲ. ಕುದಿಯುವ ಎಸರು ಹಾಕಿ ಹದಕ್ಕೆ ತಂದು ಚೆನ್ನಾಗಿ ನಾದದಿದ್ದರೆ, ಹಿಟ್ಟು ಬೀಸಿಸಿ ಬಹಳ ದಿನವಾಗಿದ್ದರೆ, ಎಂಥವರ ಕೈಯಲ್ಲೂ ಅದು ಸೀಳುತ್ತದೆ. ಅನ್ನದ ಮನೆಯಲ್ಲಿ ಬೆಳೆದವಳಿಗೆ ಎಂಟು ವಾರದಲ್ಲಿ ದಿನಕ್ಕೆ ಇಪ್ಪತ್ತು ರೊಟ್ಟಿಯ ಕೈ ಕೂಡಿಬರುವುದು ಸುಲಭವಲ್ಲ. ಹಗಲಿಡೀ ಯಾವುದನ್ನು ಕುರಿತು ಮನಸ್ಸು ಲೆಕ್ಕ ಹಾಕುತ್ತದೋ ಅದೇ ರಾತ್ರಿ ಮುಂದುವರಿಯುತ್ತದೆ ಎಂಬುದು ಕನಸಿನ ಅಧ್ಯಯನದಲ್ಲಿ ಹೆಚ್ಚು ಪುರಾವೆ ಇರುವ ವಿಚಾರ. ಕ್ಯಾಲ್ವಿನ್ ಹಾಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಸಾವಿರಾರು ಜನಸಾಮಾನ್ಯರ ಕನಸುಗಳನ್ನು ಕಲೆಹಾಕಿ, ಯಾರಿದ್ದರು, ಎಲ್ಲಿ ನಡೆಯಿತು, ಯಾರು ಯಾರಿಗೆ ಏನು ಮಾಡಿದರು ಎಂದು ಎಣಿಸಿ ಈ ದಾರಿ ತೆರೆದವನು. ಕನಸು ಗುಪ್ತ ಸಂಕೇತಗಳ ಪೆಟ್ಟಿಗೆ ಎನ್ನುವವರಿಗಿಂತ ಈ ಎಣಿಕೆಯವರ ಮಾತು ನನಗೆ ಒಪ್ಪಿಗೆಯಾಗುತ್ತದೆ. ರೊಟ್ಟಿಯ ಕನಸು ರೊಟ್ಟಿಯದೇ.

ಎರಡನೆಯದು ಬಸ್ಸಿನದು. ತಾವರಗೇರಾದಲ್ಲಿ ಬಸ್ ಹತ್ತುತ್ತಾಳೆ, ಗಂಗಾವತಿಗೆ ಎಂದು ಟಿಕೆಟ್ ತೆಗೆಸುತ್ತಾಳೆ, ಇಳಿದರೆ ಅತ್ತೆಯ ಮನೆಯ ಅಂಗಳ. ಕೆಲವೊಮ್ಮೆ ತವರಿನ ಬಾಗಿಲಿಗೇ ಬರುತ್ತಾಳೆ, ಆದರೆ ಒಳಗೆ ಅವಳ ಹಾಸಿಗೆಯ ಜಾಗದಲ್ಲಿ ಯಾರೋ ಮಲಗಿದ್ದಾರೆ, ಮುಸುಕು ತೆಗೆದರೆ ಮುಖ ಕಾಣುವುದಿಲ್ಲ. ಅತ್ತೆಯ ಮನೆಯ ಒತ್ತಡ ಎಂದಾಗ ನಾವು ಅತ್ತೆಯ ಮನೆಯನ್ನಷ್ಟೇ ನೋಡುತ್ತೇವೆ. ಈ ಕನಸಿನ ದುಃಖ ತವರಿನದು. ಆಷಾಢಕ್ಕೆ ಬಂದಾಗ ಅವಳು ನಿಜವಾಗಿ ಕಂಡದ್ದೂ ಅದನ್ನೇ. ಅವಳ ಮಂಚದ ಜಾಗದಲ್ಲಿ ತಮ್ಮನ ಓದುವ ಮೇಜು ಬಂದಿತ್ತು, ಅವಳ ಬಟ್ಟೆಯ ಗೂಡಿನಲ್ಲಿ ಬೀಜದ ಚೀಲ. ಯಾರ ತಪ್ಪೂ ಅಲ್ಲ. ಆದರೆ ಹಳೆಯ ಬೀಸುವ ಕಲ್ಲಿನ ಪದಗಳಲ್ಲಿ ಅಷ್ಟೊಂದು ತವರು ಏಕಿದೆ ಎಂದು ನನಗೆ ಅರ್ಥವಾದದ್ದು ಆ ಬೀಜದ ಚೀಲ ನೋಡಿದ ಮೇಲೆ.

ಮೂರನೆಯ ಕನಸನ್ನು ಅವಳು ಬಹಳ ದಿನ ಯಾರಿಗೂ ಹೇಳಲಿಲ್ಲ. ಹಿಟ್ಟು ನಾದುತ್ತಿರುವಾಗ ತಾಳಿ ಕಳಚಿ ಹಿಟ್ಟಿನೊಳಗೆ ಹೋಗಿದೆ, ಎಷ್ಟು ಕೆದಕಿದರೂ ಸಿಗುತ್ತಿಲ್ಲ. ನಮ್ಮ ಕಡೆ ತಾಳಿ, ಬಳೆ, ಕುಂಕುಮದ ಕನಸೆಂದರೆ ಗಂಡನ ಆಯುಷ್ಯಕ್ಕೆ ಕೇಡು ಎಂದೇ ಓದುತ್ತಾರೆ. ಅವಳಿಗೂ ಹಾಗೇ ಅನ್ನಿಸಿ, ಎದ್ದವಳೇ ಗಂಡನ ಉಸಿರು ನೋಡುತ್ತಿದ್ದಳಂತೆ. ಇಲ್ಲಿ ದೇಹದ ಪಾಲನ್ನು ಮರೆಯಬಾರದು. ಮಲಗಿದವರ ಮೈಮೇಲೆ ನೀರು ಚಿಮುಕಿಸಿ, ಅದು ಕನಸಿನೊಳಗೆ ಮಳೆಯಾಗಿಯೋ ಸೋರುವ ಸೂರಾಗಿಯೋ ಸೇರುವುದನ್ನು 1958ರಲ್ಲೇ ಡಿಮೆಂಟ್ ಮತ್ತು ವೋಲ್ಪರ್ಟ್ ದಾಖಲಿಸಿದ್ದರು. ಎಲ್ಲ ಸಲವೂ ಅಲ್ಲ, ಆದರೆ ಸಾಕಷ್ಟು ಸಲ. ಹುಟ್ಟಿದಾಗಿನಿಂದ ಬರಿದಾಗಿದ್ದ ಕೊರಳಿಗೆ ರಾತ್ರಿಯೂ ತೆಗೆಯದ ಒಂದು ಸರ, ಕಾಲ್ಬೆರಳಿಗೆ ಬಿಗಿಯಾದ ಉಂಗುರ, ಮಗ್ಗುಲಾದಾಗ ಒತ್ತುವ ಬಳೆ. ಸರ ಬೆನ್ನ ಹಿಂದೆ ಸರಿದರೆ ಎದೆಯ ಮೇಲೆ ಅದು ಇಲ್ಲ ಎಂಬ ಸುದ್ದಿ ಮೆದುಳಿಗೆ ಮುಟ್ಟಬಹುದು. ಹಗಲಿನಲ್ಲಿ ‘ಕಳೆದುಕೊಂಡೀಯ, ಜೋಪಾನ’ ಎಂದು ಹತ್ತು ಬಾಯಲ್ಲಿ ಕೇಳಿದ ಎಚ್ಚರಿಕೆ ಇದ್ದೇ ಇದೆ. ಕನಸಿಗೆ ಇಷ್ಟು ಸಾಮಗ್ರಿ ಸಾಕು.

ಈ ಮೂರರಲ್ಲೂ ಅತ್ತೆ ಬೈಯುವುದಿಲ್ಲ, ಹೊಡೆಯುವುದಿಲ್ಲ. ಸುಮ್ಮನೆ ಎಣಿಸುತ್ತಿರುತ್ತಾಳೆ. ಒಂದು ಕನಸಿನಲ್ಲಿ ಬಲಗೈಯಲ್ಲಿ ಶೇಂಗಾ ಉಂಡಿ ಕೊಡುತ್ತ ಎಡಗೈಯಲ್ಲಿ ರೊಟ್ಟಿ ಎಣಿಸುತ್ತಿದ್ದಳು. ಆ ಎರಡು ಕೈಗಳನ್ನು ಸರಿಯಾಗಿ ನೋಡಬೇಕು. ಕನ್ನಡದಲ್ಲಿ ಅಪ್ಪನ ಅಕ್ಕತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ತಾಯಿಯ ಅಣ್ಣತಮ್ಮನೂ ಮಾವ, ಗಂಡನ ತಂದೆಯೂ ಮಾವ. ಸೋದರ ಸಂಬಂಧದ ಮದುವೆ ವಾಡಿಕೆಯಾಗಿರುವ ದ್ರಾವಿಡ ಭಾಷೆಗಳ ಬಂಧುಸೂಚಕಗಳಲ್ಲೆಲ್ಲ ಇಂಥ ಹೊಂದಿಕೆ ಕಾಣುತ್ತದೆ. ಶಬ್ದ ಬದಲಾಗುವುದಿಲ್ಲ, ಮನುಷ್ಯಳೂ ಬದಲಾಗುವುದಿಲ್ಲ, ಪಾತ್ರ ಮಾತ್ರ ಒಂದೇ ದಿನದಲ್ಲಿ ಬದಲಾಗುತ್ತದೆ. ಬೇಸಿಗೆ ರಜೆಯಲ್ಲಿ ಬಂದಾಗ ಜಡೆ ಹಾಕುತ್ತಿದ್ದ ಅತ್ತೆ ಈಗ ಒಲೆಯ ಮುಂದೆ ನಿಂತು ನೋಡುವ ಅತ್ತೆ. ಅಪರಿಚಿತ ಮನೆಗೆ ಹೋದವಳು ಸೊನ್ನೆಯಿಂದ ಶುರು ಮಾಡುತ್ತಾಳೆ. ಇವಳು ಹಳೆಯ ಅತ್ತೆಯನ್ನು ಮನಸ್ಸಿನಿಂದ ಬಿಡಿಸಿಕೊಳ್ಳದೆ ಹೊಸಬಳ ಜೊತೆ ಏಗಬೇಕು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಹೊರಗಿನ ಸಂಬಂಧವಾಗಿದ್ದರೆ ತವರಿಗೆ ಬಂದು ‘ಅವರ ಮನೆಯಲ್ಲಿ ಹೀಗೆ’ ಎಂದು ಹೇಳಬಹುದು, ಅವ್ವ ಅಪ್ಪ ಇಬ್ಬರೂ ಇವಳ ಪಕ್ಷ. ಇಲ್ಲಿ ದೂರು ಹೇಳಬೇಕಾದದ್ದು ಅಪ್ಪನ ಮುಂದೆ, ಅದೂ ಅವನ ಅಕ್ಕನ ಮೇಲೆ. ಅವ್ವನಿಗೆ ಹೇಳಿದರೆ ಅವ್ವನಿಗೂ ನಾದಿನಿಗೂ ಇಪ್ಪತ್ತು ವರ್ಷದ ಹಳೆಯ ಲೆಕ್ಕಗಳು ಏಳುತ್ತವೆ. ಗಂಡನಿಗೆ ಹೇಳಿದರೆ ಅವನ ತಾಯಿ. ಸಣ್ಣ ಮಾತೊಂದು ಎರಡು ಮನೆಗಳ ಹೊಕ್ಕುಬಳಕೆಯನ್ನೇ ನಿಲ್ಲಿಸಬಹುದು. ಹೀಗಾಗಿ ದೂರು ಎಲ್ಲಿಗೂ ಹೋಗದೆ ಉಳಿಯುತ್ತದೆ. ನೆಂಟಸ್ತಿಕೆಯಲ್ಲಿ ಕೊಟ್ಟರೆ ಹುಡುಗಿ ಸುಖವಾಗಿರುತ್ತಾಳೆ ಎನ್ನುವವರು ಈ ಬಾಯಿಕಟ್ಟನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವಳು ಸುಮ್ಮನಿರುವುದನ್ನೇ ಸುಖ ಎಂದು ಓದಿಕೊಳ್ಳುತ್ತಾರೆ.

ಈಗ ಆಷಾಢದ ಒಗಟಿಗೆ ಬರೋಣ. ತವರಿಗೆ ಬಂದ ಮೊದಲ ರಾತ್ರಿ ಅವಳು 9.30ಕ್ಕೆ ಮಲಗಿ ಮರುದಿನ 8ರವರೆಗೆ ಏಳಲಿಲ್ಲ. ‘ಮಲಗಲಿ ಬಿಡಿ, ಪಾಪ’ ಎಂದು ಅವ್ವ ಯಾರಿಗೂ ಎಬ್ಬಿಸಲು ಬಿಡಲಿಲ್ಲ. ನಿದ್ದೆಯನ್ನು ಕಡಿತ ಮಾಡಿ ಆಮೇಲೆ ಬಿಟ್ಟುಕೊಟ್ಟರೆ ದೇಹ ಎಲ್ಲವನ್ನೂ ತಾಸಿಗೆ ತಾಸು ವಸೂಲಿ ಮಾಡುವುದಿಲ್ಲ. ಮೊದಲು ಗಾಢ ನಿದ್ದೆಯನ್ನು, ಅದರ ಬೆನ್ನಿಗೆ ಕನಸಿನ ನಿದ್ದೆಯನ್ನು ಎಂದಿಗಿಂತ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಳ್ಳುತ್ತದೆ. ಬಾಕಿ ಉಳಿದ ಕನಸಿನ ನಿದ್ದೆ ಬೇಗ ಬರುತ್ತದೆ, ಉದ್ದವಾಗಿ ಇರುತ್ತದೆ, ಕನಸುಗಳೂ ತೀವ್ರವಾಗಿರುತ್ತವೆ. ಮೇಲಾಗಿ ಈಗ ಅಲಾರಂ ಇಲ್ಲ, ಎದ್ದ ಕೂಡಲೇ ಪೊರಕೆ ಹಿಡಿಯಬೇಕಿಲ್ಲ. ಕಂಡ ಕನಸನ್ನು ನೆನೆಯುತ್ತ ಹಾಸಿಗೆಯಲ್ಲೇ ಹತ್ತು ನಿಮಿಷ ಬಿದ್ದಿರಬಹುದು, ಕೇಳಲು ಪಕ್ಕದಲ್ಲಿ ಅವ್ವನೂ ಇದ್ದಾಳೆ. ಅತ್ತೆಯ ಮನೆಯಲ್ಲಿ ‘ಮಲಗಿದರೆ ಎಚ್ಚರವೇ ಇರುವುದಿಲ್ಲ’ ಎಂದದ್ದು ನೆಮ್ಮದಿಯ ಗುರುತಾಗಿರಲಿಲ್ಲ, ದಣಿವಿನ ಗುರುತಾಗಿತ್ತು. ಇಲ್ಲಿ ಬೆಚ್ಚುವುದೂ ಹಿಂಸೆಗೆ ಪುರಾವೆಯಲ್ಲ. ಬಾಕಿ ಪಾವತಿಯಾಗುತ್ತಿದೆ, ಅಷ್ಟೆ.

ಈ ಊಹೆ ಸರಿಯೋ ಅಲ್ಲವೋ ಎಂದು ನೋಡಲು ಒಂದು ಸುಲಭದ ದಾರಿ ಇದೆ, ಆ ಮನೆಯಲ್ಲಿ ಅದನ್ನೇ ಮಾಡಿದರು. ಗೋಡೆಯ ಪಂಚಾಂಗದಲ್ಲಿ ಕೆಟ್ಟ ಕನಸಿನಿಂದ ಎಚ್ಚರವಾದ ದಿನಕ್ಕೆ ಒಂದು ಚುಕ್ಕಿ ಇಟ್ಟರು, ಮಲಗಿ ಎದ್ದ ಸಮಯವನ್ನು ಪಕ್ಕದಲ್ಲೇ ಬರೆದರು. ಮೊದಲ ವಾರ ಐದು ಚುಕ್ಕಿ, ಎರಡನೆಯ ವಾರ ಮೂರು, ಮೂರನೆಯ ವಾರ ಒಂದು. ನಿದ್ದೆಯ ಬಾಕಿ ಕಾರಣವಾಗಿದ್ದರೆ ಚುಕ್ಕಿಗಳು ಹೀಗೆ ತೆಳುವಾಗಬೇಕು, ಏಳುವ ಸಮಯವೂ ತಾನಾಗಿ ಹಿಂದಕ್ಕೆ ಸರಿದು ಹಳೆಯ 6.30ರ ಆಸುಪಾಸಿಗೆ ಬರಬೇಕು. ತೆಳುವಾಗದಿದ್ದರೆ, ಅಥವಾ ವಾಪಸ್ ಹೋಗುವ ದಿನ ಹತ್ತಿರ ಬಂದಂತೆ ದಟ್ಟವಾಗುತ್ತ ಹೋದರೆ, ಬೇರೆ ಪ್ರಶ್ನೆಗಳನ್ನು ಕೇಳಬೇಕು.

ಆ ಬೇರೆ ಪ್ರಶ್ನೆಗಳಲ್ಲಿ ಮುಖ್ಯವಾದದ್ದು, ಕನಸು ಬದಲಾಗುತ್ತಿದೆಯೇ ಎಂಬುದು. ನಮ್ಮ ಹುಡುಗಿಯ ರೊಟ್ಟಿ ಒಮ್ಮೆ ಪಂಕ್ತಿಯಲ್ಲಿ, ಒಮ್ಮೆ ಪರೀಕ್ಷೆಯ ಕೋಣೆಯಲ್ಲಿ ಸೀಳುತ್ತಿತ್ತು, ಒಮ್ಮೆ ನಗುವೂ ಬಂದಿತ್ತು. ಮನಸ್ಸು ಆ ಸಂಗತಿಯನ್ನು ಅತ್ತಿತ್ತ ತಿರುಗಿಸಿ ನೋಡುತ್ತಿದೆ ಎಂದರ್ಥ. ಷಿಕಾಗೋದ ರೊಸಾಲಿಂಡ್ ಕಾರ್ಟ್‌ರೈಟ್ ದಾಂಪತ್ಯ ಮುರಿದು ಖಿನ್ನತೆಗೆ ಬಿದ್ದಿದ್ದವರ ಕನಸುಗಳನ್ನು ಅಧ್ಯಯನ ಮಾಡಿದ್ದರು. ಬಿಟ್ಟುಹೋದ ಸಂಗಾತಿ ಕನಸಿನಲ್ಲಿ ಬರುತ್ತಿದ್ದವರು ಒಂದು ವರ್ಷದ ಬಳಿಕ ಹೆಚ್ಚು ಚೇತರಿಸಿಕೊಂಡಿದ್ದರು. ಆ ಅಧ್ಯಯನ ಚಿಕ್ಕದು, ಅಲ್ಲಿನ ಬದುಕೂ ಬೇರೆ, ನಮ್ಮ ಸೊಸೆಯಂದಿರಿಗೆ ಹಾಗೇ ಹೊಂದಿಸಲಾಗದು. ಆದರೆ ಕಷ್ಟದ ವ್ಯಕ್ತಿ ಕನಸಿಗೆ ಬರುವುದೇ ರೋಗಲಕ್ಷಣವಲ್ಲ ಎಂಬಷ್ಟನ್ನು ಅದರಿಂದ ತೆಗೆದುಕೊಳ್ಳಬಹುದು.

ಇದಕ್ಕೆ ತೀರ ಬೇರೆಯಾದ ಕನಸೊಂದಿದೆ. ನಿಜವಾಗಿ ನಡೆದ ಒಂದು ಘಟನೆ ವೇಷ ಬದಲಿಸದೆ, ಅದೇ ಕೋಣೆ, ಅದೇ ಮಾತು, ಅದೇ ಕೈಯಾಗಿ ಮತ್ತೆ ಮತ್ತೆ ಬರುವುದು. ಹಗಲಿನಲ್ಲೂ ಗಂಡನ ಮನೆಯ ಫೋನ್ ಬಂದರೆ ಮೈ ನಡುಗುವುದು, ಮಲಗಲಿಕ್ಕೇ ಹೆದರುವುದು, ಊಟ ಸೇರದಿರುವುದು, ಬದುಕುವುದು ಬೇಡ ಎಂಬ ಮಾತು ಬಾಯಲ್ಲಿ ಬರುವುದು. ಆಗ ಕನಸನ್ನು ವಿಶ್ಲೇಷಿಸುತ್ತ ಕೂರುವ ಹೊತ್ತಲ್ಲ. ‘ಏನು ಕನಸು ಕಂಡೆ’ ಎನ್ನುವ ಬದಲು ‘ಅಲ್ಲಿ ಏನು ನಡೆಯಿತು’ ಎಂದು, ಅದೂ ಅವಳೊಬ್ಬಳೇ ಇದ್ದಾಗ, ಕೇಳಬೇಕು. ಹೊಡೆತ ಬಡಿತ ಮಾತ್ರವಲ್ಲ, ಸತತ ಅವಮಾನ, ದುಡ್ಡು ಒಡವೆ ಕಿತ್ತುಕೊಳ್ಳುವುದು ಕೂಡ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಮನೋವೈದ್ಯರೂ ಅಲ್ಲಿ ಸಿಗುತ್ತಾರೆ. ಕನಸನ್ನು ಯಾವ ನ್ಯಾಯಾಲಯವೂ ಸಾಕ್ಷಿಯಾಗಿ ಒಪ್ಪುವುದಿಲ್ಲ, ಒಪ್ಪಲೂಬಾರದು. ‘ಅತ್ತೆ ಬಾವಿಗೆ ನೂಕಿದಂತೆ ಕನಸು ಬಿತ್ತು’ ಎಂಬುದರಿಂದ ಅತ್ತೆ ಅಪರಾಧಿಯಾಗುವುದಿಲ್ಲ. ಅಷ್ಟೇ ಮುಖ್ಯವಾಗಿ, ‘ಬರೀ ಕನಸು ಬಿಡು’ ಎಂದು ಹೇಳಿ ಹಗಲಿನ ನೂಕನ್ನು ಮುಚ್ಚಿಹಾಕಲೂಬಾರದು.

ಅತ್ತೆಯ ಮನೆಯಲ್ಲಿ ಕನಸು ಹೇಳಿಕೊಂಡರೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಇನ್ನೊಂದು ಮನೆಯಲ್ಲಿ, ತಾಳಿ ಕಳೆದ ಕನಸನ್ನು ಸೊಸೆ ನೆಗೆಣ್ಣಿಗೆ ನಂಬಿ ಹೇಳಿದಳು. ಅದು ಸಂಜೆಯೊಳಗೆ ಅತ್ತೆಯ ಕಿವಿಗೆ, ಮರುದಿನ ಅಯ್ಯನವರ ಕಿವಿಗೆ ಮುಟ್ಟಿತು. ಶಾಂತಿ ಮಾಡಿಸಿದ್ದಾಯಿತು. ಆರು ತಿಂಗಳ ನಂತರ ಅವಳ ಗಂಡ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಾಗ ‘ಇವಳು ಮೊದಲೇ ಕಂಡಿದ್ದಳು’ ಎಂಬ ಮಾತು ಹುಟ್ಟಿತು. ಅದು ‘ಇವಳ ಕಾಲ್ಗುಣ’ ಆಗಲು ಬಹಳ ದೂರವೇನೂ ಇರಲಿಲ್ಲ. ಕನಸನ್ನು ಹೇಳಿಕೊಂಡರೆ ಹಗುರವಾಗುತ್ತದೆ ಎಂಬ ನಗರದ ಸಲಹೆ ಎಲ್ಲ ಮನೆಗಳಿಗೂ ಸಲ್ಲುವುದಿಲ್ಲ. ಶಕುನ ಓದದ ಒಬ್ಬ ಕೇಳುಗಳನ್ನು ಹುಡುಕಿಕೊಳ್ಳಬೇಕು, ಅವಳು ಹೆಚ್ಚಾಗಿ ಹಳೆಯ ಗೆಳತಿಯೇ ಆಗಿರುತ್ತಾಳೆ.

ಅತಿಯಾಗಿ ಮರುಕಳಿಸುವ ದುಃಸ್ವಪ್ನಕ್ಕೆ ಮನೋವೈದ್ಯರು ಕಲಿಸುವ ಒಂದು ವಿಧಾನವಿದೆ. ಎಚ್ಚರವಿರುವಾಗಲೇ ಕನಸನ್ನು ನೆನಪಿಗೆ ತಂದು, ಅದರ ಒಂದು ಭಾಗವನ್ನು ತನಗೆ ಬೇಕಾದಂತೆ ಬದಲಿಸಿ, ಬದಲಾದ ರೂಪವನ್ನು ದಿನಕ್ಕೆ ಹತ್ತಿಪ್ಪತ್ತು ನಿಮಿಷ ಮನಸ್ಸಿನಲ್ಲಿ ಓಡಿಸುವುದು. ಬ್ಯಾರಿ ಕ್ರಾಕೋವ್ ಮತ್ತು ಸಂಗಡಿಗರು ಲೈಂಗಿಕ ದೌರ್ಜನ್ಯಕ್ಕೊಳಗಾದ ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದರು. ದುಃಸ್ವಪ್ನಗಳು ಕಡಿಮೆಯಾದವು, ನಿದ್ದೆ ಸುಧಾರಿಸಿತು. ಅತಿ ಭೀಕರ ಕನಸಿನಿಂದ ಶುರು ಮಾಡಬಾರದು, ಸಣ್ಣದೊಂದರಿಂದ ಕೈ ರೂಢಿಸಿಕೊಳ್ಳಬೇಕು ಎಂಬುದು ಇದರ ಕ್ರಮ. ದೌರ್ಜನ್ಯದ ನೆನಪು ಇರುವವರು ವೈದ್ಯರ ನೆರವಿಲ್ಲದೆ ಇದಕ್ಕೆ ಕೈಹಾಕದಿರುವುದು ಒಳ್ಳೆಯದು. ನಮ್ಮ ಹುಡುಗಿ ಬದಲಿಸಿದ್ದು ಇಷ್ಟೇ. ರೊಟ್ಟಿ ಸೀಳಿದಾಗ ಪಂಕ್ತಿಯಲ್ಲಿದ್ದ ಒಬ್ಬರು ಎದ್ದು ಬಂದು ‘ಎಸರು ಆರಿದೆ, ಇನ್ನಷ್ಟು ಹಾಕು’ ಎನ್ನುತ್ತಾರೆ. ಯಾರು ಎದ್ದು ಬರುತ್ತಾರೆ ಎಂದು ಕೇಳಿದ್ದಕ್ಕೆ ‘ಯಾರೋ ಒಬ್ಬರು’ ಎಂದಳು.

ಆದರೆ ಕನಸಿಗೆ ಮಾಡುವ ಉಪಾಯಕ್ಕಿಂತ ಗಡಿಯಾರಕ್ಕೆ ಮಾಡುವ ಉಪಾಯ ದೊಡ್ಡದು. 4.45ಕ್ಕೆ ಏಳುವ ಕಟ್ಟಳೆ ಹಾಗೇ ಉಳಿದರೆ ಮುಂದಿನ ವರ್ಷದ ಆಷಾಢದಲ್ಲೂ ಇದೇ ಚುಕ್ಕಿಗಳು ಬೀಳುತ್ತವೆ. ಪಂಚಮಿ ಮುಗಿಸಿ ಅವಳು ವಾಪಸ್ ಹೋದ ಮೇಲೆ ನಡೆದ ಬದಲಾವಣೆ ಚಿಕ್ಕದು. ಅವಳಲ್ಲ, ಅವಳ ಗಂಡ ಮಾತಾಡಿದ. ನೀರು ಬಿಡುವ ದಿನ ಕೊಡ ತಾನು ತುಂಬುತ್ತೇನೆ, ಉಳಿದ ದಿನ ಅವಳು 5.45ಕ್ಕೆ ಏಳಲಿ ಎಂದ. ರಾತ್ರಿಯ ಪಾತ್ರೆ ಬೆಳಗ್ಗೆಗೆ ಹೋಯಿತು, ಹಾಗಾಗಿ ಅರ್ಧ ತಾಸು ಮೊದಲು ಮಲಗಬಹುದಾಯಿತು. ಎರಡೂ ಸೇರಿ ಒಂದೂವರೆ ತಾಸು, ಅಂದರೆ ನಿದ್ದೆಯ ಪೂರ್ತಿ ಒಂದು ಸುತ್ತು. ಮಾವ ನಾಲ್ಕು ದಿನ ಮುಖ ಗಂಟಿಕ್ಕಿದರು, ಐದನೆಯ ದಿನ ಬಿಟ್ಟರು.

ಅತ್ತೆ ಮಾತ್ರ ಏನೂ ಅನ್ನಲಿಲ್ಲ. ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತ ಕೂತಾಗ ರೊಟ್ಟಿಯ ಕನಸಿನ ಮಾತು ಹೇಗೋ ಬಂತು. ನಮಗ್ಯಾರಿಗೂ ಹೊಳೆಯದೆ ಉಳಿದಿದ್ದ ಸಂಗತಿ ಆಗ ಹೊರಬಿತ್ತು. ಆ ಅತ್ತೆ ಹುಟ್ಟಿದ್ದೂ ಅದೇ ಕಾಲುವೆ ಬದಿಯ ಅನ್ನದ ಮನೆಯಲ್ಲಿ.

‘ನನಗೂ ಬೀಳುತ್ತಿತ್ತು ತಂಗಿ’ ಎಂದಳು ಮೊರದಿಂದ ತಲೆಯೆತ್ತದೆ. ‘ಈಗಲೂ ಆಗೊಮ್ಮೆ ಈಗೊಮ್ಮೆ ಬೀಳುತ್ತದೆ. ಮೊದಲು ಎಣಿಸುತ್ತ ಕೂರುತ್ತಿದ್ದವರು ನನ್ನ ಅತ್ತೆ. ಈ ವರ್ಷ ನೋಡಿದರೆ ಅಲ್ಲಿ ನೀನು ಕೂತಿದ್ದೆ.’